ಟ್ರಾಫಿಕ್ ತಪ್ಪಿಸಲು ಬೇರೆ ಬೇರೆ ಪಾಳಿ: ಆಫೀಸು ಖಾಲಿ ಬೀಳದ ಹಾಗೆ ಹಂಚುವುದು ಹೇಗೆ?

"ಅರ್ಧ ಜನ ಬೇಗ ಬನ್ನಿ, ಇನ್ನರ್ಧ ಜನ ತಡವಾಗಿ ಬನ್ನಿ" ಅಂತ ಒಂದು ಮೇಲ್ ಕಳಿಸಿದರೆ ಕೆಲಸ ಆಯ್ತು ಅಂತ ಬಹಳ ಆಫೀಸುಗಳು ಅಂದುಕೊಳ್ಳುತ್ತವೆ. ಎರಡು ವಾರ ಚೆನ್ನಾಗಿಯೇ ನಡೆಯುತ್ತದೆ. ಮೂರನೇ ವಾರ ಬೆಳಿಗ್ಗೆ ಇಬ್ಬರು ರಜೆ ಹಾಕುತ್ತಾರೆ, ಫೋನ್ ಎತ್ತಲು ಯಾರೂ ಇರುವುದಿಲ್ಲ. ಬೇಗ ಬಂದವರು ಸಂಜೆ ಮೀಟಿಂಗ್‌ಗೆ ಅಂತ ಉಳಿದು, ಹಳೇ ಟ್ರಾಫಿಕ್‌ನಲ್ಲೇ ಮನೆಗೆ ಹೋಗುತ್ತಾರೆ. ತಿಂಗಳ ಕೊನೆಗೆ ಎಲ್ಲರೂ ಮತ್ತೆ ಒಂದೇ ಸಮಯಕ್ಕೆ ಬರುತ್ತಿರುತ್ತಾರೆ.

ಇದು ಸೋಲುವುದು ಜನರಿಗೆ ಶಿಸ್ತು ಇಲ್ಲದ್ದರಿಂದಲ್ಲ, ಕೆಲಸಗಳ ಕ್ರಮ ತಪ್ಪಿದ್ದರಿಂದ. ಮೊದಲು ಪ್ರಯಾಣ ಅಳೆಯಬೇಕು. ಆಮೇಲೆ ಆಫೀಸಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಬೇಕು. ಯಾರಿಗೆ ಯಾವ ಪಾಳಿ ಅನ್ನುವ ಮಾತು ಅದಾದ ಮೇಲೆ ಬರಬೇಕು. ಹೆಚ್ಚಿನವರು ಕೊನೆಯದನ್ನೇ ಮೊದಲು ಮಾಡುತ್ತಾರೆ.

ಕೈಯಲ್ಲಿ ಏನಿರಬೇಕು

ಒಂದು ಎಕ್ಸೆಲ್ ಶೀಟ್, ಎಲ್ಲರ ಫೋನಿನಲ್ಲೂ ಇರುವ ಮ್ಯಾಪ್ ಆ್ಯಪ್, ಹಾಜರಿ ಯಂತ್ರದ ಕಳೆದ ಎರಡು ತಿಂಗಳ ಲೆಕ್ಕ, ಯಾವ ಹೊತ್ತಿಗೆ ಎಷ್ಟು ಫೋನ್ ಅಥವಾ ಗ್ರಾಹಕರು ಬರುತ್ತಾರೆ ಅನ್ನುವ ಪಟ್ಟಿ. ಈ ಕೊನೆಯದು ಇಲ್ಲದಿದ್ದರೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಎಣಿಸಿ. ಅಷ್ಟು ಸಾಕು.

## ಹಂತ 1: ಎರಡು ವಾರ ಪ್ರಯಾಣ ಅಳೆಯಿರಿ

ಪ್ರತಿಯೊಬ್ಬರೂ ದಿನಕ್ಕೆ ನಾಲ್ಕು ಸಮಯ ಬರೆದಿಡಲಿ: ಮನೆ ಬಿಟ್ಟದ್ದು, ಆಫೀಸು ಮುಟ್ಟಿದ್ದು, ಆಫೀಸು ಬಿಟ್ಟದ್ದು, ಮನೆ ಮುಟ್ಟಿದ್ದು. ಬಾಗಿಲಿಂದ ಬಾಗಿಲಿಗೆ ಅಳೆಯಬೇಕು. ಬಸ್ಸಿಗೆ ಕಾದದ್ದು, ಗಾಡಿ ನಿಲ್ಲಿಸಲು ಜಾಗ ಹುಡುಕಿದ್ದು, ಲಿಫ್ಟಿನ ಕ್ಯೂ ಎಲ್ಲವೂ ಅದರೊಳಗೆ ಬರಬೇಕು.

ಇಲ್ಲೊಂದು ತೊಡಕಿದೆ. ಈಗ ಎಲ್ಲರೂ ಒಂದೇ ಹೊತ್ತಿಗೆ ಹೊರಡುವುದರಿಂದ ನಿಮಗೆ ಸಿಗುವುದು ಆ ಹೊತ್ತಿನ ಲೆಕ್ಕ ಮಾತ್ರ. ಏಳು ಗಂಟೆಗೆ ಹೊರಟರೆ ಎಷ್ಟು ಹಿಡಿಯುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಎಲ್ಲರೂ ಊಹಿಸುತ್ತಿರುತ್ತಾರೆ. ಅದಕ್ಕೇ ಎರಡನೇ ವಾರ ಬೇರೆ ಬೇರೆ ದಿಕ್ಕಿನಿಂದ ಬರುವ ನಾಲ್ಕೈದು ಜನರನ್ನು ನಿಜವಾಗಿಯೂ ಬೇರೆ ಹೊತ್ತಿಗೆ ಹೊರಡಲು ಕೇಳಿಕೊಳ್ಳಿ. ಉಳಿದವರು ಮ್ಯಾಪ್ ಆ್ಯಪ್‌ನಲ್ಲಿ ಹೊರಡುವ ಸಮಯ ಬದಲಿಸಿ ನೋಡಲಿ. ಅದು ಸಾಮಾನ್ಯವಾಗಿ "ಇಷ್ಟರಿಂದ ಇಷ್ಟು ನಿಮಿಷ" ಅಂತ ತೋರಿಸುತ್ತದೆ. ಅದರಲ್ಲಿ ದೊಡ್ಡ ಸಂಖ್ಯೆಯ ಕಡೆಗೇ ವಾಲಿ.

ಸರಾಸರಿ ತೆಗೆಯಬೇಡಿ. ಎಲ್ಲೋ ಒಂದು ದಿನ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತರೆ ಸರಾಸರಿ ಹಾಳಾಗುತ್ತದೆ. ದಿನಗಳನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, ಸರಿಯಾಗಿ ನಡುವೆ ಬರುವ ಸಂಖ್ಯೆ ತೆಗೆದುಕೊಳ್ಳಿ.

ಸಾಮಾನ್ಯ ತಪ್ಪು ಒಂದೇ: ಶಾಲೆಗೆ ರಜೆ ಇರುವ ವಾರ ಅಥವಾ ಸಾಲು ಹಬ್ಬದ ವಾರ ಅಳೆಯುವುದು. ಆಗ ರಸ್ತೆ ಖಾಲಿ ಇರುತ್ತದೆ. ಆ ಅಂಕಿ ನಂಬಿ ಮಾಡಿದ ಪಾಳಿ ಶಾಲೆ ಶುರುವಾದ ಮೊದಲ ಸೋಮವಾರವೇ ಮುರಿದು ಬೀಳುತ್ತದೆ.

## ಹಂತ 2: ಹೋಗುವುದು, ಬರುವುದು ಎರಡನ್ನೂ ಕೂಡಿಸಿ ಪಾಳಿ ಆರಿಸಿ

ಈ ಹಂತವನ್ನು ನಿಧಾನವಾಗಿ ಮಾಡಿ. ಜನ ಎಡವುವುದು ಜಾಸ್ತಿ ಇಲ್ಲೇ.

ಒಂದು ಆಫೀಸು ಅಂದುಕೊಳ್ಳೋಣ. ಈಗಿನ ಸಮಯ ಬೆಳಿಗ್ಗೆ 9:30ರಿಂದ ಸಂಜೆ 6:30, ಅಂದರೆ ಊಟದ ಒಂದು ಗಂಟೆ ಸೇರಿ 9 ಗಂಟೆ. ದೂರದಿಂದ ಬರುವ ಒಬ್ಬ ಸಿಬ್ಬಂದಿಯ ಲೆಕ್ಕ ಹೀಗೆ ಬಂತು ಅನ್ನಿ:

| ಪಾಳಿ | ಹೋಗಲು (ನಿಮಿಷ) | ಬರಲು (ನಿಮಿಷ) | ಒಟ್ಟು |
|---|---|---|---|
| 8:00 – 5:00 | 47 | 58 | 105 |
| 8:30 – 5:30 | 58 | 72 | 130 |
| 9:00 – 6:00 | 68 | 82 | 150 |
| 9:30 – 6:30 | 80 | 85 | 165 |
| 10:00 – 7:00 | 78 | 75 | 153 |
| 10:45 – 7:45 | 50 | 55 | 105 |

9:30ರ ಸಾಲು ಬಿಟ್ಟು ಅದರ ಮೇಲೆ ಕೆಳಗೆ ನೋಡಿ. ಅರ್ಧ ಗಂಟೆ ಹಿಂದೆ ಸರಿದರೆ ಉಳಿಯುವುದು 15 ನಿಮಿಷ. ಅರ್ಧ ಗಂಟೆ ಮುಂದೆ ಹೋದರೆ 12 ನಿಮಿಷ. ಇಷ್ಟಕ್ಕೆ ಮನೆಯ ದಿನಚರಿಯನ್ನೆಲ್ಲ ಬದಲಿಸಲು ಯಾರೂ ಒಪ್ಪುವುದಿಲ್ಲ. ಎರಡೇ ವಾರಕ್ಕೆ ಬಿಟ್ಟುಬಿಡುತ್ತಾರೆ. 8:00 ಅಥವಾ 10:45ಕ್ಕೆ ಸರಿದರೆ ಮಾತ್ರ ದಿನಕ್ಕೆ ಪೂರ್ತಿ ಒಂದು ಗಂಟೆ ಉಳಿಯುತ್ತದೆ.

ಕಾರಣ ಸರಳ. ರಸ್ತೆಗೆ ತಾಳುವಷ್ಟು ಗಾಡಿಗಳು ಇರುವವರೆಗೆ ಎಲ್ಲ ಸರಾಗ. ಅದನ್ನು ಮೀರಿದ ಕೂಡಲೇ ಸಾಲು ಬೆಳೆಯಲು ಶುರುವಾಗುತ್ತದೆ, ಹೊಸ ಗಾಡಿಗಳು ಬರುವುದು ಕಡಿಮೆಯಾದರೂ ಆ ಸಾಲು ಕರಗಲು ಬಹಳ ಹೊತ್ತು ಬೇಕು. ಸಾಲಿನ ನಡುವಿಂದ ಸಾಲಿನ ನಡುವಿಗೇ ಸರಿದರೆ ಲಾಭವಿಲ್ಲ. ಸಾಲು ಶುರುವಾಗುವ ಮೊದಲು ದಾಟಬೇಕು, ಇಲ್ಲವೇ ಕರಗಿದ ಮೇಲೆ ಹೊರಡಬೇಕು. ಅದಕ್ಕೇ 15, 20 ನಿಮಿಷದ ಅಂತರದಲ್ಲಿ ನಾಲ್ಕೈದು ಪಾಳಿ ಮಾಡುವುದು ದಂಡ. ಒಂದಕ್ಕೊಂದು ಚೆನ್ನಾಗಿ ದೂರವಿರುವ ಎರಡು ಪಾಳಿ ಸಾಕು, ಬೇಕಾದರೆ ನಡುವೆ ಒಂದು.

ಬೆಳಿಗ್ಗೆಯ ಕಾಲಂ ಮಾತ್ರ ನೋಡಿ ತೀರ್ಮಾನಿಸುವುದು ಇನ್ನೊಂದು ತಪ್ಪು. ಮೇಲಿನ ಪಟ್ಟಿಯಲ್ಲಿ 8:30ರ ಪಾಳಿ ಬೆಳಿಗ್ಗೆ ಚೆನ್ನಾಗಿಯೇ ಕಾಣುತ್ತದೆ, 22 ನಿಮಿಷ ಉಳಿತಾಯ. ಸಂಜೆ 5:30ಕ್ಕೆ ಹೊರಟಾಗ ಮಾತ್ರ ಟ್ರಾಫಿಕ್ ಏರುವ ಹೊತ್ತಿಗೇ ಸಿಕ್ಕಿಕೊಳ್ಳುತ್ತಾರೆ, ಅಲ್ಲಿ ಉಳಿಯುವುದು 13 ನಿಮಿಷ. ಒಟ್ಟು ಕಾಲಂ ನೋಡಿಯೇ ಆರಿಸಿ.

## ಹಂತ 3: ಆಫೀಸಿಗೆ ಯಾವ ಹೊತ್ತಿಗೆ ಎಷ್ಟು ಜನ ಬೇಕು?

ಇಲ್ಲಿ ಇಡೀ ಆಫೀಸನ್ನು ಒಂದೇ ಗುಂಪು ಅಂತ ಎಣಿಸಬೇಡಿ. "ಬೆಳಿಗ್ಗೆ ಹನ್ನೆರಡು ಜನ ಇರ್ತಾರಲ್ಲ" ಅಂದರೆ ಉಪಯೋಗವಿಲ್ಲ. ಆ ಹನ್ನೆರಡರಲ್ಲಿ ಫೋನ್ ನೋಡುವವರು ಒಬ್ಬರೂ ಇಲ್ಲದಿದ್ದರೆ ಗ್ರಾಹಕರ ಪಾಲಿಗೆ ಆಫೀಸು ಖಾಲಿಯೇ. ಒಬ್ಬರ ಕೆಲಸ ಇನ್ನೊಬ್ಬರು ಮಾಡಬಲ್ಲ ಪ್ರತಿ ಗುಂಪಿಗೂ ಬೇರೆ ಲೆಕ್ಕ ಬೇಕು.

ನಮ್ಮ ಉದಾಹರಣೆಯಲ್ಲಿ ಗ್ರಾಹಕರ ಫೋನ್ ಮತ್ತು ಕೌಂಟರ್ ನೋಡುವವರು 8 ಜನ. ಸೇವೆಯ ಸಮಯ 9:30ರಿಂದ 6:30, ಅದು ಬದಲಾಗುವುದಿಲ್ಲ. ಬೆಳಿಗ್ಗೆ 11ರವರೆಗೆ ನೂಕುನುಗ್ಗಲು, ಆಗ ಕನಿಷ್ಠ 4 ಜನ ಬೇಕು. ನಡುಹೊತ್ತಿನಲ್ಲಿ 3. ಸಂಜೆ 5ರ ನಂತರ 2 ಸಾಕು.

ಈಗ ಪ್ರತಿ ಕನಿಷ್ಠಕ್ಕೂ ಒಂದು ಸೇರಿಸಿ. ರಜೆ, ಜ್ವರ, ಪಂಕ್ಚರ್ ಇವುಗಳ ಪಾಲು ಅದು. ಬೆಳಗಿನ ತುದಿಗೆ 4+1, ಅಂದರೆ 5. ಸಂಜೆಯ ತುದಿಗೆ 2+1, ಅಂದರೆ 3. ಎರಡೂ ಕೂಡಿದರೆ 8, ಇರುವವರೂ 8. ಹಾಗಾದರೆ ಈ ಗುಂಪನ್ನು ಒಡೆಯಬಹುದು: 5 ಜನ 8:00ರ ಪಾಳಿ, 3 ಜನ 10:45ರ ಪಾಳಿ.

ಕೂಡಿದ ಸಂಖ್ಯೆ ಇರುವ ಜನಕ್ಕಿಂತ ಜಾಸ್ತಿಯಾದರೆ? ಆಗ ಸುಮ್ನೆ ಒಡೆಯಲು ಹೋಗಬೇಡಿ. ನಡುಪಾಳಿ ಬಳಸಿ. 9:30ರಿಂದ 6:30ರವರೆಗೆ ಇರುವ ಒಬ್ಬರು ಬೆಳಗಿನ ಲೆಕ್ಕಕ್ಕೂ ಬರುತ್ತಾರೆ, ಸಂಜೆಯ ಲೆಕ್ಕಕ್ಕೂ ಬರುತ್ತಾರೆ. ನಮ್ಮ ಗುಂಪಿನಲ್ಲಿ 7 ಜನರೇ ಇದ್ದಿದ್ದರೆ 4 ಜನ ಬೇಗ, 2 ಜನ ತಡ, 1 ನಡುಪಾಳಿ ಮಾಡಿದ್ದರೆ ಸಾಕಿತ್ತು. ಬೆಳಿಗ್ಗೆ ಅದೇ 5, ಸಂಜೆ ಅದೇ 3.

ಆಫೀಸಿನ ಹತ್ತಿರವೇ ಮನೆ ಇರುವವರು, ನಡೆದು ಬರುವವರು, ಟ್ರಾಫಿಕ್‌ಗೆ ಎದುರು ದಿಕ್ಕಿನಿಂದ ಬರುವವರು ನಡುಪಾಳಿಗೆ ಹೇಳಿ ಮಾಡಿಸಿದವರು. ಅವರಿಗೆ 9:30 ಆದರೂ ಒಂದೇ, 8:00 ಆದರೂ ಒಂದೇ. ಆದರೆ ಅವರನ್ನು ಕೇಳದೆ ಹಾಕಬೇಡಿ. "ಹತ್ತಿರ ಇದ್ದೀನಿ ಅಂತ ನನಗೇ ಎಲ್ಲ ಹೊರಿಸ್ತಾರೆ" ಅನ್ನುವ ನೋವು ಅಲ್ಲಿಂದಲೇ ಶುರುವಾಗುವುದು.

ಇನ್ನು ಒಬ್ಬರೋ ಇಬ್ಬರೋ ಇರುವ ಕೆಲಸಗಳು. ಲೆಕ್ಕಪತ್ರಕ್ಕೆ ಇಬ್ಬರೇ ಇದ್ದು, ಎರಡೂ ತುದಿಗೆ ಒಬ್ಬೊಬ್ಬರು ಬೇಕೇ ಬೇಕು ಅಂದರೆ, ಒಬ್ಬರ ರಜೆ ದಿನ ಒಂದು ತುದಿ ಖಾಲಿ. ಬೇರೆ ಗುಂಪಿನ ಒಬ್ಬರಿಗೆ ತುರ್ತಿನ ಕೆಲಸಗಳನ್ನಷ್ಟು ಕಲಿಸಿ. ಕಲಿಸುವವರೆಗೆ ಆ ಗುಂಪಿಗೆ ಪಾಳಿ ಬೇಡ.

## ಹಂತ 4: ಊಟದ ಹೊತ್ತಿನ ತೂತು ಮುಚ್ಚಿ

ಬೆಳಿಗ್ಗೆ, ಸಂಜೆ ಎರಡೂ ಸರಿ ಮಾಡಿದವರು ಮಧ್ಯಾಹ್ನ ಸಿಕ್ಕಿಬೀಳುತ್ತಾರೆ. 8 ಗಂಟೆಗೆ ಬಂದ ಐವರಿಗೆ 12ಕ್ಕೇ ಹಸಿವಾಗುತ್ತದೆ. ಐವರೂ ಒಟ್ಟಿಗೆ ಎದ್ದು ಹೋದರೆ ಉಳಿಯುವುದು ತಡಪಾಳಿಯ 3 ಜನ. ಕನಿಷ್ಠ 3 ಬೇಕು, ಸರಿಯಾಯ್ತು ಅನ್ನಿಸುತ್ತದೆ. ಆ ಮೂವರಲ್ಲಿ ಒಬ್ಬರು ರಜೆ ಇದ್ದರೆ ಉಳಿದದ್ದು 2.

ಬೇಗ ಬರುವ ಐವರ ಊಟವನ್ನು ಒಡೆಯಿರಿ. ಇಬ್ಬರು 12ಕ್ಕೆ, ಮೂವರು 1ಕ್ಕೆ. ತಡಪಾಳಿಯವರು 2ಕ್ಕೆ. ಆಗ 12ರಿಂದ 1ರವರೆಗೆ 6 ಜನ, 1ರಿಂದ 2ರವರೆಗೆ 5, 2ರಿಂದ 3ರವರೆಗೆ 5. ಒಬ್ಬರು ರಜೆ ಹಾಕಿದರೂ ಎಲ್ಲೂ 3ಕ್ಕಿಂತ ಕೆಳಗೆ ಹೋಗುವುದಿಲ್ಲ.

ಇದನ್ನು ಬೆರಳಲ್ಲಿ ಎಣಿಸಬೇಡಿ, ಶೀಟ್ ಮಾಡಿ. A ಕಾಲಂನಲ್ಲಿ ಹೆಸರು, B ಶುರು, C ಮುಗಿತಾಯ, D ಊಟ ಶುರು, E ಊಟ ಮುಗಿತಾಯ. ಮೊದಲ ಸಾಲಿನಲ್ಲಿ G1ರಿಂದ ಅರ್ಧರ್ಧ ಗಂಟೆಗೆ ಒಂದು ಸಮಯ. G2ರಲ್ಲಿ ಈ ಸೂತ್ರ ಹಾಕಿ ಬಲಕ್ಕೆ ಎಳೆಯಿರಿ:

```
=SUMPRODUCT(($B$2:$B$9<=G$1)*($C$2:$C$9>G$1))-SUMPRODUCT(($D$2:$D$9<=G$1)*($E$2:$E$9>G$1))
```

ಎಲ್ಲ ಸಮಯವನ್ನೂ 24 ಗಂಟೆಯ ಲೆಕ್ಕದಲ್ಲಿ ಬರೆಯಿರಿ, ಸಂಜೆ 5 ಅಂದರೆ 17:00. ಮೊದಲ ಸಾಲಿನಲ್ಲಿ 9:30, 10:00 ಅಂತ ಗಡಿಯ ಸಮಯ ಹಾಕದೆ 9:35, 10:05 ಅಂತ ಹಾಕಿ. ಆಗ ಪಾಳಿ ಶುರುವಾಗುವ, ಮುಗಿಯುವ ಗಡಿಯ ನಿಮಿಷದಲ್ಲಿ ಎಣಿಕೆ ತಪ್ಪುವುದಿಲ್ಲ. ಕೆಳಗಿನ ಸಾಲಿನಲ್ಲಿ ಆ ಹೊತ್ತಿನ ಕನಿಷ್ಠ ಬರೆದು, ಬಂದ ಸಂಖ್ಯೆ ಅದಕ್ಕಿಂತ ಕನಿಷ್ಠ ಒಂದು ಜಾಸ್ತಿ ಇದೆಯಾ ಅಂತ ನೋಡಿ. ಇಲ್ಲದ ಕಡೆ ಕೆಂಪು ಬಣ್ಣ ಕೊಡಿ. ಕೆಂಪು ಇರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಒಂದು ಬಲಹೀನ ಜಾಗ ಉಳಿಯುತ್ತದೆ. ಸಂಜೆ 5ರ ನಂತರ ಇರುವುದು ಮೂವರೇ, ಬೇಕಾದದ್ದು ಇಬ್ಬರು. ಹಾಗಾಗಿ ತಡಪಾಳಿಯ ಇಬ್ಬರಿಗೆ ಒಂದೇ ದಿನ ರಜೆ ಕೊಡುವಂತಿಲ್ಲ. ಕೊಡಲೇಬೇಕಾದರೆ ಬೇಗ ಬರುವ ಒಬ್ಬರು ಆ ದಿನ ತಡಪಾಳಿಗೆ ಬರಬೇಕು, ಅದು ಹಿಂದಿನ ದಿನ ಸಂಜೆ 5ರೊಳಗೆ ತೀರ್ಮಾನ ಆಗಬೇಕು. ಈ ನಿಯಮವನ್ನು ಬರೆದು ಎಲ್ಲರಿಗೂ ತೋರಿಸಿ.

## ಹಂತ 5: ಯಾರಿಗೆ ಯಾವ ಪಾಳಿ

ಪ್ರತಿಯೊಬ್ಬರ ಹತ್ತಿರ ಎರಡು ಉತ್ತರ ಕೇಳಿ: ಯಾವುದು ಇಷ್ಟ, ಯಾವುದು ಸಾಧ್ಯವೇ ಇಲ್ಲ. ಎರಡನೆಯದು ಮುಖ್ಯ. ಮಗುವನ್ನು ಶಾಲೆಗೆ ಬಿಟ್ಟು ಬರಬೇಕಾದವರಿಗೆ 8 ಗಂಟೆ ಆಗುವುದೇ ಇಲ್ಲ. ರಾತ್ರಿ ಕೊನೆಯ ಬಸ್ಸು ಬೇಗ ಹೊರಡುವ ಕಡೆಯವರಿಗೆ 7:45 ಆಗುವುದಿಲ್ಲ. ಇವರನ್ನು ಮೊದಲು ಕೂರಿಸಿ. ಉಳಿದ ಜಾಗ ಇಷ್ಟದ ಮೇಲೆ ಹಂಚಿ.

ಸಾಧಾರಣವಾಗಿ ಎಲ್ಲರೂ ಬೇಗದ ಪಾಳಿಯನ್ನೇ ಕೇಳುತ್ತಾರೆ. ಆಗ ಸೀನಿಯಾರಿಟಿ ನೋಡಿ ಕೊಡಬೇಡಿ, ಹೊಸಬರೆಲ್ಲ ರಾತ್ರಿಗೆ ಬಿದ್ದು ಅನುಭವಿಗಳೆಲ್ಲ ಐದಕ್ಕೇ ಮನೆಗೆ ಹೋದಂತಾಗುತ್ತದೆ. ಕಟ್ಟುಪಾಡು ಇಲ್ಲದವರ ನಡುವೆ ಮೂರು ತಿಂಗಳಿಗೊಮ್ಮೆ ಅದಲುಬದಲು ಮಾಡಿ. ವಾರಕ್ಕೊಮ್ಮೆ ಬೇಡ. ನಿದ್ದೆ ಕೆಡುತ್ತದೆ, ಮನೆಯವರಿಗೂ ಇವತ್ತು ಯಾವಾಗ ಬರುತ್ತಾರೆ ಅಂತ ಗೊತ್ತಾಗುವುದಿಲ್ಲ.

ಒಟ್ಟಿಗೆ ಒಂದೇ ಕಾರಿನಲ್ಲಿ ಬರುವವರಿದ್ದರೆ ಅವರನ್ನು ಒಂದೇ ಪಾಳಿಗೆ ಹಾಕಿ. ಅವರನ್ನು ಬೇರೆ ಮಾಡಿದರೆ ಒಂದು ಕಾರು ಎರಡಾಗುತ್ತದೆ.

## ಹಂತ 6: ಬೀಗ, ಸಹಿ, ಹಾಜರಿ ಯಂತ್ರ

ಶುರು ಮಾಡುವ ಮೊದಲ ದಿನಕ್ಕಿಂತ ಮುಂಚೆ ಈ ಮೂರೂ ಆಗಿರಬೇಕು.

ಬೀಗದ ಕೈ ಎರಡೂ ಪಾಳಿಯಲ್ಲಿ ಇಬ್ಬಿಬ್ಬರ ಹತ್ತಿರ ಇರಲಿ. ಒಬ್ಬರ ಹತ್ತಿರ ಮಾತ್ರ ಇದ್ದು ಅವರಿಗೆ ಜ್ವರ ಬಂದರೆ, ಬೆಳಿಗ್ಗೆ ಎದ್ದು ಓಡಿ ಬಂದವರೆಲ್ಲ ಬಾಗಿಲ ಮುಂದೆ ನಿಲ್ಲುತ್ತಾರೆ. ಖಾಲಿ ರಸ್ತೆಯಲ್ಲಿ ಬೇಗ ತಲುಪುವವರಿಗಾಗಿ ಬಾಗಿಲು 7:40ಕ್ಕೇ ತೆರೆಯಲಿ. ರಾತ್ರಿ ಕೊನೆಗೆ ಯಾರೂ ಒಬ್ಬರೇ ಉಳಿಯಬಾರದು, ಇಬ್ಬರಾದರೂ ಒಟ್ಟಿಗೆ ಹೊರಡಬೇಕು. ರಾತ್ರಿ ಕೆಲಸ ಮತ್ತು ಮಹಿಳಾ ಸಿಬ್ಬಂದಿಯ ಪ್ರಯಾಣದ ಬಗ್ಗೆ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರುತ್ತದೆ. ತಡಪಾಳಿಯ ಕೊನೆಯ ಸಮಯ ಗಟ್ಟಿ ಮಾಡುವ ಮೊದಲು ನಿಮ್ಮಲ್ಲಿ ಅನ್ವಯವಾಗುವುದನ್ನು ಓದಿಕೊಳ್ಳಿ.

ಸಹಿ ಅಂದರೆ ಒಪ್ಪಿಗೆ ಕೊಡುವ ಅಧಿಕಾರ. ಬೇಗ ಬಂದವರು ಒಂದು ರಿಯಾಯಿತಿಗೋ ಖರ್ಚಿಗೋ ಒಪ್ಪಿಗೆ ಬೇಕು ಅಂತ 10:45ಕ್ಕೆ ಬರುವ ಮ್ಯಾನೇಜರ್‌ಗೆ ಕಾಯುತ್ತಾ ಕೂತರೆ ಆ ಪಾಳಿ ವ್ಯರ್ಥ. ಎರಡೂ ಪಾಳಿಯಲ್ಲಿ ದಿನನಿತ್ಯದ ವಿಷಯಕ್ಕೆ ಒಪ್ಪಿಗೆ ಕೊಡಬಲ್ಲ ಒಬ್ಬರು ಇರಲೇಬೇಕು.

ಹಾಜರಿ ಯಂತ್ರದ ವಿಷಯ ನಾನು ಪೆಟ್ಟು ತಿಂದು ಕಲಿತದ್ದು. ನಾನು ಆಡಳಿತ ನೋಡುತ್ತಿದ್ದ ಒಂದು ಆಫೀಸಿನಲ್ಲಿ ಪಾಳಿ ಬದಲಿಸಿದೆವು, ಯಂತ್ರದಲ್ಲಿ ಬದಲಿಸಲು ಮರೆತೆವು. ತಡಪಾಳಿಯವರಿಗೆಲ್ಲ ತಿಂಗಳಿಡೀ "ಲೇಟ್" ಅಂತ ಬಿತ್ತು, ಸಂಬಳದಲ್ಲಿ ಅರ್ಧರ್ಧ ದಿನ ಕಡಿತವಾಯಿತು. ಹಣ ಮುಂದಿನ ತಿಂಗಳು ವಾಪಸ್ ಹೋಯಿತು. ಆದರೆ ಸಂಬಳದ ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದ ಒಬ್ಬಾಕೆಯ ಮುಖ ಇನ್ನೂ ಕಣ್ಣ ಮುಂದಿದೆ. "ಸರ್, ನೀವೇ ಹೇಳಿದ ಸಮಯಕ್ಕೆ ಬಂದಿದ್ದೀನಿ ಅಲ್ವಾ?" ಅಂದರು. ಆ ಗುಂಪಿನ ಇಬ್ಬರು ಅವತ್ತೇ ಹಳೇ ಸಮಯಕ್ಕೆ ಮರಳಿದರು. ಪ್ರತಿ ಪಾಳಿಗೂ ಯಂತ್ರದಲ್ಲಿ ಬೇರೆ ಗುಂಪು ಮಾಡಿ, ಮೊದಲ ದಿನದ ವರದಿಯನ್ನು ಅವತ್ತೇ ತೆಗೆದು ನೋಡಿ.

## ಹಂತ 7: ಮೀಟಿಂಗ್ ಮತ್ತು ಕೆಲಸ ಕೈಬದಲು

ಎಲ್ಲರೂ ಇರುವ ಹೊತ್ತು 10:45ರಿಂದ 5ರವರೆಗೆ, ನಡುವೆ ಊಟ. ಮೀಟಿಂಗ್‌ಗೆ ಎರಡೇ ಕಿಟಕಿ ಇಡಿ: 11ರಿಂದ 12, ಮತ್ತು 3ರಿಂದ 4:30. ಇದರ ಆಚೆ ಯಾರೇ ಕರೆದರೂ, ಎಷ್ಟೇ ದೊಡ್ಡವರಾದರೂ, ಹೋಗದಿದ್ದರೆ ತಪ್ಪಲ್ಲ ಅಂತ ಬರವಣಿಗೆಯಲ್ಲಿ ಇರಬೇಕು. ಸಂಜೆ 4:45ಕ್ಕೆ ಶುರುವಾಗುವ "ಐದೇ ನಿಮಿಷ" ಮೀಟಿಂಗ್ ಈ ವ್ಯವಸ್ಥೆಯನ್ನು ಬೇರೆ ಯಾವುದಕ್ಕಿಂತಲೂ ಬೇಗ ಕೊಲ್ಲುತ್ತದೆ. 5:00ಕ್ಕೆ ಬದಲು 5:30ಕ್ಕೆ ಹೊರಟವರಿಗೆ ದಾರಿಯಲ್ಲಿ ಇನ್ನೂ 14 ನಿಮಿಷ ಜಾಸ್ತಿ, ಮನೆಗೆ ಮುಕ್ಕಾಲು ಗಂಟೆ ತಡ.

ಬೇಗ ಬಂದವರು 4:45ಕ್ಕೆ ಕೈಬದಲು ಚೀಟಿ ಬರೆಯಲಿ. ಮೂರು ಸಾಲು ಸಾಕು: ಏನು ಬಾಕಿ, ಯಾರಿಗೆ ಮಾತು ಕೊಟ್ಟಿದ್ದೇವೆ, ಯಾವಾಗಿನೊಳಗೆ. ತಡಪಾಳಿಯವರು ರಾತ್ರಿ ಹೊರಡುವಾಗ ಅದೇ ಜಾಗದಲ್ಲಿ ತಮ್ಮದನ್ನು ಬರೆಯಲಿ. ಬಾಯಲ್ಲಿ ಹೇಳಿ ಹೋದರೆ ಬೆಳಿಗ್ಗೆ 8:30ಕ್ಕೆ ಮನೆಯಲ್ಲಿರುವವರಿಗೆ ಫೋನ್ ಹೋಗುತ್ತದೆ, "ಆ ಫೈಲ್ ಎಲ್ಲಿ?" ಅಂತ.

## ಹಂತ 8: ನಾಲ್ಕು ವಾರ ಪರೀಕ್ಷೆ ಮಾಡಿ, ಆಮೇಲೆ ಗಟ್ಟಿ ಮಾಡಿ

ಇಡೀ ಆಫೀಸಿಗೆ ಒಟ್ಟಿಗೆ ಬೇಡ. ಒಂದು ಗುಂಪಿನಿಂದ ಶುರು ಮಾಡಿ. ಮೊದಲ ವಾರ ಗೊಂದಲ ಇದ್ದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡರಿಂದ ನಾಲ್ಕನೇ ವಾರದವರೆಗೆ ಮೂರು ವಿಷಯ ಬರೆದಿಡಿ: ಪ್ರತಿಯೊಬ್ಬರ ಪ್ರಯಾಣದ ನಿಮಿಷ, ಕನಿಷ್ಠಕ್ಕಿಂತ ಕಡಿಮೆ ಜನ ಇದ್ದ ಅರ್ಧ ಗಂಟೆಗಳು, ಎತ್ತದೆ ಹೋದ ಫೋನ್‌ಗಳು ಯಾವ ಹೊತ್ತಿನವು.

ಯಾರಿಗಾದರೂ ದಿನಕ್ಕೆ 20 ನಿಮಿಷವೂ ಉಳಿಯದಿದ್ದರೆ ಅವರ ಪಾಳಿ ಅವರಿಗೆ ಒಗ್ಗಿಲ್ಲ. ತೀರಾ ದೂರದಿಂದ ಬರುವವರಿಗೆ ಹೀಗಾಗುವುದುಂಟು. ಅವರು ಎಷ್ಟು ಬೇಗ ಹೊರಟರೂ ದಾರಿಯ ಯಾವುದೋ ಒಂದು ತುಂಡಿನಲ್ಲಿ ನೂಕುನುಗ್ಗಲು ಸಿಕ್ಕೇ ಸಿಗುತ್ತದೆ. ಅವರಿಗೆ ಬೇರೆ ಪಾಳಿ ಕೊಟ್ಟು ನೋಡಿ, ಆಗದಿದ್ದರೆ ನಡುಪಾಳಿಗೆ ಕಳಿಸಿ.

ಈ ಗುರುತುಗಳು ಕಂಡರೆ ತಡಮಾಡಬೇಡಿ:

- ಬೇಗದ ಪಾಳಿಯವರ ಹೊರಡುವ ಸಮಯ ಜಾರುತ್ತಿದೆ. ಹಾಜರಿ ಲೆಕ್ಕದಲ್ಲಿ 5:05, 5:20, 5:40 ಅಂತ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅವರು ಹತ್ತಿರ ಹತ್ತು ಗಂಟೆ ಆಫೀಸಿನಲ್ಲೇ ಇರುತ್ತಿದ್ದಾರೆ, ಮತ್ತೆ ಟ್ರಾಫಿಕ್‌ನಲ್ಲೂ ಕೂರುತ್ತಿದ್ದಾರೆ. ಯಾವ ಕೆಲಸ ತಡೆಯುತ್ತಿದೆ ಅಂತ ಕೇಳಿ, ಅದನ್ನು ತಡಪಾಳಿಗೆ ದಾಟಿಸಿ. ಮ್ಯಾನೇಜರ್ ತಾವೇ 5ಕ್ಕೆ ಎದ್ದು "ಹೊರಡಿ" ಅನ್ನುವುದು ಕೆಲಸ ಮಾಡುತ್ತದೆ.
- "ಈಗ ಬಂದ್ರಾ?" ಅನ್ನುವ ಮಾತು. 10:45ಕ್ಕೆ ಬಂದವರಿಗೆ ಇದನ್ನು ಯಾರಾದರೂ ಹೇಳುತ್ತಿದ್ದರೆ, ತಮಾಷೆಗೇ ಆಗಲಿ, ಅವರು ನಿಧಾನವಾಗಿ 10:00ಕ್ಕೆ, 9:45ಕ್ಕೆ ಬರಲು ಶುರು ಮಾಡುತ್ತಾರೆ. ಯಾರು ಯಾವ ಪಾಳಿ ಅಂತ ಎಲ್ಲರ ಕಣ್ಣಿಗೆ ಬೀಳುವ ಕಡೆ ಪಟ್ಟಿ ಹಾಕಿ.
- ಒಂದೇ ಹೊತ್ತಿನಲ್ಲಿ ಮತ್ತೆ ಮತ್ತೆ ಕೆಂಪು. ವಾರದಲ್ಲಿ ಎರಡು ಸಲ ಬಿದ್ದರೆ ಅದು ಆಕಸ್ಮಿಕ ಅಲ್ಲ. ಊಟದ ಸಮಯವನ್ನು ಮೊದಲು ನೋಡಿ, ಆಮೇಲೆ ರಜೆ ಕೊಟ್ಟ ಪಟ್ಟಿಯನ್ನು.

ಪರೀಕ್ಷೆ ದಾಟಿದ ಮೇಲೆ ಮುಂದಿನ ಗುಂಪಿಗೆ ಹೋಗಿ, ಅದಕ್ಕೆ ಹಂತ 3ರಿಂದ ಮತ್ತೆ ಲೆಕ್ಕ ಹಾಕಿ. ಮೊದಲ ಗುಂಪಿನ 5 ಮತ್ತು 3 ಅಲ್ಲಿಗೆ ಹೊಂದುವುದಿಲ್ಲ. ಒಬ್ಬರು ಕೆಲಸ ಬಿಟ್ಟರೂ ಅದೇ ದಿನ ಶೀಟಿನಿಂದ ಅವರ ಸಾಲು ತೆಗೆದು ನೋಡಿ. ನಮ್ಮ ಉದಾಹರಣೆಯಲ್ಲಿ 8 ಜನ 7 ಆದ ಗಳಿಗೆಯಲ್ಲೇ ಒಂದು ತುದಿ ಕೆಂಪಾಗುತ್ತದೆ. ಹೊಸಬರು ಬರುವವರೆಗೆ ಒಬ್ಬರನ್ನು ನಡುಪಾಳಿಗೆ ಕರೆಯಬೇಕು, ಎಷ್ಟು ದಿನಕ್ಕೆ ಅಂತ ಅವರಿಗೆ ಮೊದಲೇ ಹೇಳಿರಬೇಕು.